ಅರ್ಧ ಗೋಡೆ, ಗಿಡ್ಡ ಕಂಬ

1996ರ ನವೆಂಬರ್ 12ರ ಮಧ್ಯಾಹ್ನದ ಹೊತ್ತಿಗೆ ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ನಾಸ್ಕಾ ಸೀಮೆ ನಡುಗಿತು. ಭೂಕಂಪದ ಪ್ರಮಾಣ 7.7. ಹಸಿ ಇಟ್ಟಿಗೆಯ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಅಂಥ ಮನೆಗಳ ಪಾಡು ಅಷ್ಟೇ ಎಂಬುದು ಪೆರುವಿನ ಎಂಜಿನಿಯರುಗಳಿಗೆ ಮೊದಲೇ ಗೊತ್ತಿತ್ತು. ಅವರನ್ನು ಕಂಗೆಡಿಸಿದ್ದು ಶಾಲೆಗಳು. ಕೆಲವೇ ವರ್ಷಗಳ ಹಿಂದೆ ಸರ್ಕಾರ ಕಟ್ಟಿಸಿದ್ದ, ಸಿಮೆಂಟಿನ ಬಣ್ಣವೂ ಮಾಸದ ಕಾಂಕ್ರೀಟ್ ಶಾಲೆಗಳ ಕಂಬಗಳು ಸೀಳಿಹೋಗಿದ್ದವು. ಸೀಳು ಬಿದ್ದ ಜಾಗ ಎಲ್ಲ ಕಡೆಯೂ ಒಂದೇ: ಕಿಟಕಿಯ ಪಕ್ಕ. ಕಿಟಕಿಯ ಕೆಳಗಿನ ಗೋಡೆ ಎಲ್ಲಿಗೆ ಮುಗಿಯುತ್ತದೋ ಅಲ್ಲಿಂದ ಮೇಲಿನ ಬೀಮಿನವರೆಗೆ ಓರೆಯಾಗಿ, ಒಂದನ್ನೊಂದು ದಾಟಿ ಹೋಗುವ ಗೆರೆಗಳು. ಗೋಡೆಯ ಮಟ್ಟಕ್ಕಿಂತ ಕೆಳಗೆ ಅದೇ ಕಂಬಕ್ಕೆ ಒಂದು ಗೀರೂ ಇರಲಿಲ್ಲ.

ಆ ಶಾಲೆಗಳ ನಕ್ಷೆ ನಮಗೆ ಅಪರಿಚಿತವೇನಲ್ಲ. ಒಂದೇ ಸಾಲಿನಲ್ಲಿ ತರಗತಿಗಳು, ಮುಂದೆ ಉದ್ದಕ್ಕೂ ಪಡಸಾಲೆ. ಒಂದು ತರಗತಿಗೂ ಇನ್ನೊಂದಕ್ಕೂ ನಡುವೆ ನೆಲದಿಂದ ಚಾವಣಿವರೆಗೆ ಇಟ್ಟಿಗೆಯ ಅಡ್ಡಗೋಡೆ. ಕಟ್ಟಡದ ಉದ್ದಕ್ಕೆ ಮಾತ್ರ ಕಂಬ, ಬೀಮು; ಕಂಬಗಳ ನಡುವೆ ಅರ್ಧ ಎತ್ತರದ ಗೋಡೆ, ಅದರ ಮೇಲೆ ಕಂಬದಿಂದ ಕಂಬಕ್ಕೆ ಸಾಗುವ ಉದ್ದನೆಯ ಕಿಟಕಿ. ಮಕ್ಕಳಿಗೆ ಬೆಳಕು ಬೇಕು, ಗಾಳಿ ಬೇಕು, ಆದರೆ ಕೂತಲ್ಲಿಂದ ಹೊರಗೆ ನೋಡುತ್ತ ಕೂರಬಾರದು. ಹಾಗಾಗಿ ಕಿಟಕಿ ಎತ್ತರಕ್ಕೆ ಹೋಗುತ್ತದೆ. ಹಾನಿಯೆಲ್ಲ ಆದದ್ದು ಈ ಉದ್ದದ ದಿಕ್ಕಿನಲ್ಲಿ. ಅಡ್ಡಗೋಡೆಗಳಿದ್ದ ದಿಕ್ಕಿನಲ್ಲಿ ಅದೇ ಕಟ್ಟಡ ಗಟ್ಟಿಯಾಗಿ ನಿಂತಿತ್ತು.

ಅರ್ಧ ಗೋಡೆ ಕಂಬಕ್ಕೆ ಏನು ಮಾಡುತ್ತದೆ ಎಂದು ತಿಳಿಯಲು ಮೊದಲು ಗೋಡೆಯೇ ಇಲ್ಲದ ಕಂಬವನ್ನು ನೋಡೋಣ. ನೆಲ ಎಡಕ್ಕೂ ಬಲಕ್ಕೂ ಓಡಾಡುವಾಗ ಮೇಲಿನ ಭಾರವಾದ ಸ್ಲ್ಯಾಬ್ ತಕ್ಷಣ ಹಿಂಬಾಲಿಸುವುದಿಲ್ಲ. ಕಂಬದ ಬುಡ ಒಂದು ಕಡೆ, ತಲೆ ಇನ್ನೊಂದು ಕಡೆ ಆಗುತ್ತದೆ. ಬುಡದಲ್ಲೂ ತಲೆಯಲ್ಲೂ ಬಿಗಿಯಾಗಿ ಹಿಡಿದಿರುವುದರಿಂದ ಅದು ನಡುವೆ ತುಸು ಬಳುಕಿ ಆ ವ್ಯತ್ಯಾಸವನ್ನು ಹೊಂದಿಸಿಕೊಳ್ಳುತ್ತದೆ. ಮೂರು ಮೀಟರ್ ಎತ್ತರದ ಕಂಬಕ್ಕೆ ಎರಡು ಸೆಂಟಿಮೀಟರ್ ಸರಿಯುವುದು ದೊಡ್ಡ ಮಾತಲ್ಲ.

ಈಗ ಒಂದೂವರೆ ಮೀಟರ್ ಎತ್ತರಕ್ಕೆ ಎರಡೂ ಬದಿಗೆ ಒಳ್ಳೆಯ ಇಟ್ಟಿಗೆ ಗೋಡೆ ಕಟ್ಟಿ, ಕಂಬಕ್ಕೆ ಒತ್ತಿ ಗಾರೆ ತುಂಬಿ. ಗೋಡೆ ತನ್ನ ಉದ್ದದ ದಿಕ್ಕಿನಲ್ಲಿ ಅಲ್ಲಾಡದ ವಸ್ತು. ಅದು ಕಂಬದ ಕೆಳಗಿನ ಅರ್ಧವನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುತ್ತದೆ. ಸ್ಲ್ಯಾಬ್ ಸರಿಯುವುದು ಮಾತ್ರ ನಿಲ್ಲುವುದಿಲ್ಲ. ಅದು ಸರಿಯಬೇಕಾದ ಎರಡು ಸೆಂಟಿಮೀಟರನ್ನು ಈಗ ಕಿಟಕಿಯ ಪಕ್ಕದ ಒಂದೂವರೆ ಮೀಟರ್ ಒಂದೇ ತಾಳಬೇಕು. ಉದ್ದದ ಬಿದಿರು ಕೈಯಲ್ಲಿ ಸುಲಭವಾಗಿ ಬಾಗುತ್ತದೆ. ಅದೇ ಬಿದಿರಿನ ಮೊಳದುದ್ದದ ತುಂಡನ್ನು ಅಷ್ಟೇ ಬಾಗಿಸಲು ಹೋದರೆ ಆಗುವುದಿಲ್ಲ. ನಕ್ಷೆಯಲ್ಲಿ ಮೂರು ಮೀಟರ್ ಇದ್ದ ಕಂಬ ಭೂಕಂಪದ ಮಟ್ಟಿಗೆ ಒಂದೂವರೆ ಮೀಟರಿನ ಕಂಬವಾಗಿಬಿಡುತ್ತದೆ. ಎಂಜಿನಿಯರುಗಳು ಇದನ್ನು ಶಾರ್ಟ್ ಕಾಲಮ್ ಎನ್ನುತ್ತಾರೆ. ಗಿಡ್ಡ ಕಂಬ ಎನ್ನೋಣ.

ಗಿಡ್ಡವಾದಷ್ಟೂ ಬಿಗಿತ ಎಷ್ಟು ಏರುತ್ತದೆ ಎಂಬುದರಲ್ಲಿ ಅಪಾಯದ ಮೊದಲ ಭಾಗವಿದೆ. ಅಡ್ಡ ತಳ್ಳಿಗೆ ಕಂಬ ತೋರುವ ಬಿಗಿತ ಅದರ ಎತ್ತರದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಎತ್ತರ ಅರ್ಧವಾದರೆ ಬಿಗಿತ ಎರಡು ಪಟ್ಟಲ್ಲ, ಎಂಟು ಪಟ್ಟು. ಮೂರನೆಯ ಒಂದಕ್ಕೆ ಇಳಿದರೆ ಇಪ್ಪತ್ತೇಳು ಪಟ್ಟು. ಪಡಸಾಲೆಯ ಬದಿಯ ಕಂಬಗಳು ಪೂರ್ತಿ ಮೂರು ಮೀಟರ್ ಬಿಡುವಾಗಿದ್ದು, ಹಿಂಬದಿಯವು ಅರ್ಧ ಗೋಡೆಗೆ ಸಿಕ್ಕಿಕೊಂಡಿವೆ ಎಂದುಕೊಳ್ಳಿ. ಮೇಲಿನ ಸ್ಲ್ಯಾಬ್ ಒಂದೇ ಆದ್ದರಿಂದ ಎರಡೂ ಬದಿಯ ಕಂಬಗಳು ಹೆಚ್ಚುಕಡಿಮೆ ಒಂದೇ ಅಳತೆಗೆ ಸರಿಯಬೇಕು. ಆಗ ಬಲ ಹಂಚಿಕೆಯಾಗುವುದು ಬಿಗಿತಕ್ಕೆ ತಕ್ಕಂತೆ: ಒಂಬತ್ತು ಪಾಲಿನಲ್ಲಿ ಎಂಟು ಪಾಲು ಗಿಡ್ಡ ಕಂಬಕ್ಕೆ, ಒಂದು ಪಾಲು ಉದ್ದದ ಕಂಬಕ್ಕೆ. ಎರಡಕ್ಕೂ ಹಾಕಿದ ಕಬ್ಬಿಣ ಒಂದೇ, ಕಾಂಕ್ರೀಟೂ ಒಂದೇ.

ಹೆಚ್ಚು ಬಲ ಬಂದರೆ ಬರಲಿ, ಕಂಬ ತುಸು ಬಾಗಿ ತಾಳಿಕೊಳ್ಳಲಿ ಎನ್ನಬಹುದು. ಗಿಡ್ಡ ಕಂಬಕ್ಕೆ ಆ ದಾರಿಯೂ ಮುಚ್ಚಿರುತ್ತದೆ. ಅಪಾಯದ ಎರಡನೆಯ ಮತ್ತು ಹೆಚ್ಚು ಭೀಕರವಾದ ಭಾಗ ಇದು. ಕಾಂಕ್ರೀಟ್ ಕಂಬ ಸೋಲುವುದಕ್ಕೆ ಎರಡು ದಾರಿಗಳಿವೆ. ಒಂದು, ಬಾಗಿ ಸೋಲುವುದು. ಬುಡದಲ್ಲಿ, ತಲೆಯಲ್ಲಿ ಅಡ್ಡಡ್ಡ ಬಿರುಕು ಮೂಡಿ, ಉದ್ದದ ಕಂಬಿಗಳು ಹಿಗ್ಗುತ್ತವೆ. ಉಕ್ಕು ಹಿಗ್ಗಿದರೂ ತುಂಡಾಗುವುದಿಲ್ಲ. ಭೂಕಂಪದ ಶಕ್ತಿಯನ್ನು ಹೀರುತ್ತ ಕಟ್ಟಡವನ್ನು ಎತ್ತಿಹಿಡಿದೇ ಇರುತ್ತದೆ. ಇನ್ನೊಂದು, ಷಿಯರ್‌ನಲ್ಲಿ ಸೋಲುವುದು. ಕಂಬದ ಮೇಲ್ಭಾಗ ಒಂದು ಕಡೆಗೆ, ಕೆಳಭಾಗ ಇನ್ನೊಂದು ಕಡೆಗೆ ಕತ್ತರಿಸಿದಂತೆ ಎಳೆಯಲ್ಪಟ್ಟು ಓರೆಯಾಗಿ ಸೀಳುವುದು. ಇದಕ್ಕೆ ಮುನ್ಸೂಚನೆ ಇಲ್ಲ, ತಾಳಿಕೆಯೂ ಇಲ್ಲ. ಒಳ್ಳೆಯ ವಿನ್ಯಾಸವೆಂದರೆ ಬಾಗುವ ಸೋಲು ಮೊದಲು ಬರುವಂತೆ ನೋಡಿಕೊಳ್ಳುವುದು. ಅರ್ಧ ಗೋಡೆ ಈ ಸರದಿಯನ್ನೇ ತಿರುಗಿಸುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿದರೆ ಇದು ಕಣ್ಣಿಗೆ ಕಟ್ಟುತ್ತದೆ. 300 ಮಿಲಿಮೀಟರ್ ಚದರದ ಕಂಬ, ಅಂದರೆ ಸುಮಾರು ಒಂದು ಅಡಿ. 16 ಮಿ.ಮೀ. ದಪ್ಪದ ಎಂಟು ಕಂಬಿ, ಸಾಧಾರಣ ಎಂ-20 ಕಾಂಕ್ರೀಟ್, ಮೇಲಿನಿಂದ ಸುಮಾರು 30 ಟನ್ ಭಾರ. ಅದರ ಎರಡೂ ತುದಿ ತಾಳಬಲ್ಲ ಬಾಗು ಬಲ ಅಂದಾಜು 9 ಟನ್-ಮೀಟರ್. ಎರಡೂ ತುದಿ ಬಾಗಿ ಸೋಲುವಂತೆ ಮಾಡಲು ಬೇಕಾದ ಅಡ್ಡ ಬಲವೆಂದರೆ ಈ 9ರ ಎರಡರಷ್ಟನ್ನು ಬಿಡುವಾಗಿರುವ ಎತ್ತರದಿಂದ ಭಾಗಿಸಿದ್ದು. ಮೂರು ಮೀಟರಿಗೆ 6 ಟನ್. ಒಂದೂವರೆ ಮೀಟರಿಗೆ 12 ಟನ್. ಇನ್ನು ಓರೆ ಸೀಳನ್ನು ತಡೆಯುವ ಶಕ್ತಿ: ಹಳೆಯ ರೂಢಿಯಂತೆ 6 ಮಿ.ಮೀ. ಕಂಬಿಯ ರಿಂಗುಗಳನ್ನು 200 ಮಿ.ಮೀ. ಅಂತರದಲ್ಲಿ ಕಟ್ಟಿದ್ದರೆ, ಕಾಂಕ್ರೀಟೂ ರಿಂಗೂ ಸೇರಿ ಎಂಟೂವರೆ ಟನ್ ಆಸುಪಾಸು. ಈಗ ಹೋಲಿಸಿ. ಗೋಡೆಯಿಲ್ಲದ ಕಂಬ 6 ಟನ್ನಿಗೇ ಬಾಗಿ ಮಣಿಯುತ್ತದೆ. ಎಂಟೂವರೆ ಟನ್ನಿನ ಗಡಿಯನ್ನು ಅದು ಮುಟ್ಟುವುದೇ ಇಲ್ಲ. ಗಿಡ್ಡ ಕಂಬ ಬಾಗಿ ಮಣಿಯಬೇಕಾದರೆ 12 ಟನ್ ಬೇಕು. ಅಲ್ಲಿಗೆ ಹೋಗುವ ದಾರಿಯಲ್ಲೇ, ಎಂಟೂವರೆಗೇ, ಸೀಳಿಬಿಡುತ್ತದೆ. ಕಂಬ ದುರ್ಬಲವಾಗಿ ಸತ್ತದ್ದಲ್ಲ ಎಂಬುದನ್ನು ಗಮನಿಸಬೇಕು. ಬಾಗುವುದಕ್ಕೆ ಅದು ಅತಿಯಾಗಿ ಬಲವಾಗಿತ್ತು. ಹೆದರಿ ಇನ್ನೂ ನಾಲ್ಕು ಉದ್ದದ ಕಂಬಿ ಸೇರಿಸಿದರೆ ಸ್ಥಿತಿ ಇನ್ನಷ್ಟು ಕೆಡುತ್ತದೆ: ಬಾಗುವ ಶಕ್ತಿ ಏರುತ್ತದೆ, ಸೀಳು ತಡೆಯುವ ಶಕ್ತಿ ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತದೆ.

ಬಿರುಕು ಓರೆಯಾಗಿಯೇ ಏಕೆ ಬರುತ್ತದೆ? ಕಿಟಕಿಯ ಪಕ್ಕದಲ್ಲಿ ಕಂಬದ ಮೇಲೆ ಸೀಮೆಸುಣ್ಣದಿಂದ ಒಂದು ಚೌಕ ಬರೆದಿದ್ದೀರಿ ಎಂದುಕೊಳ್ಳಿ. ಮೇಲಿನ ಗೆರೆ ಬಲಕ್ಕೆ, ಕೆಳಗಿನದು ಎಡಕ್ಕೆ ಸರಿದರೆ ಚೌಕ ವಾಲುತ್ತದೆ. ಅದರ ಒಂದು ಕರ್ಣ ಉದ್ದವಾಗುತ್ತದೆ, ಇನ್ನೊಂದು ಕುಗ್ಗುತ್ತದೆ. ಕಾಂಕ್ರೀಟ್ ಒತ್ತಿದರೆ ತಾಳುತ್ತದೆ, ಎಳೆದರೆ ತಾಳದು. ಎಳೆತಕ್ಕೆ ಅದರ ಶಕ್ತಿ ಒತ್ತಡದ ಶಕ್ತಿಯ ಹತ್ತನೆಯ ಒಂದು ಭಾಗದಷ್ಟು. ಉದ್ದವಾಗುತ್ತಿರುವ ಕರ್ಣಕ್ಕೆ ಅಡ್ಡಲಾಗಿ ಅದು ಬಾಯಿಬಿಡುತ್ತದೆ. ಅರೆ ಕ್ಷಣದಲ್ಲಿ ನೆಲ ಹಿಂದಕ್ಕೆ ಓಡುತ್ತದೆ, ಇನ್ನೊಂದು ಕರ್ಣ ಉದ್ದವಾಗುತ್ತದೆ, ಎರಡನೆಯ ಸೀಳು ಮೊದಲನೆಯದನ್ನು ದಾಟುತ್ತದೆ. ಭೂಕಂಪದ ನಂತರದ ಛಾಯಾಚಿತ್ರಗಳಲ್ಲಿ ಕಾಣುವ ಗುಣಿಸುವ ಗುರುತಿನಂಥ ಬಿರುಕು ಹೀಗೆ ಮೂಡಿದ್ದು. ಕಟ್ಟಡದ ಮೂಲೆಯ ಕಂಬಕ್ಕೆ ಗೋಡೆ ಒಂದೇ ಬದಿಗಿದ್ದರೆ, ಗೋಡೆಯ ಕಡೆಗೆ ವಾಲುವಾಗ ಮಾತ್ರ ಅದು ಗಿಡ್ಡವಾಗುತ್ತದೆ, ಆಚೆಗೆ ವಾಲುವಾಗ ಬಿಡುಗಡೆಯಾಗುತ್ತದೆ. ಹಾಗಾಗಿ ಅಲ್ಲಿ ಒಂದೇ ದಿಕ್ಕಿನ ಓರೆ ಬಿರುಕು ಎದ್ದು ಕಾಣುವುದುಂಟು.

ಬಿರುಕು ಬಿದ್ದ ಮೇಲಿನ ಕಥೆಯೇ ಜೀವಹಾನಿಯ ಕಥೆ. ಪ್ರತಿ ಓಲಾಟಕ್ಕೂ ನಾಲ್ಕು ತುಂಡಾದ ಕಾಂಕ್ರೀಟ್ ಒಂದರ ಮೇಲೊಂದು ಉಜ್ಜಿ ಪುಡಿಯಾಗುತ್ತದೆ. ಒಳಗಿನ ತಿರುಳನ್ನು ಹಿಡಿದಿಡಬೇಕಾದದ್ದು ರಿಂಗುಗಳು. ಅವು ದೂರದೂರ ಇದ್ದರೆ ಇಡೀ ಸೀಳಿಗೆ ಒಂದೋ ಎರಡೋ ಸಿಗುತ್ತವೆ. ರಿಂಗಿನ ತುದಿಯನ್ನು ಮೂಲೆಗೆ ಸರಿಯಾಗಿ ಲಂಬವಾಗಿ ಮಡಿಸಿದ್ದರೆ, ಹೊರಗಿನ ಕಾಂಕ್ರೀಟ್ ಉದುರಿದೊಡನೆ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಉದ್ದದ ಕಂಬಿಗಳು ಹೊರಕ್ಕೆ ಉಬ್ಬುತ್ತವೆ, 30 ಟನ್ ಹೊತ್ತಿದ್ದ ಕಂಬ ಕುಳಿತುಬಿಡುತ್ತದೆ.

ಇಷ್ಟು ಗೊತ್ತಿದ್ದರೂ ಇದು ಮತ್ತೆ ಮತ್ತೆ ಆಗುತ್ತಲೇ ಇರುವುದಕ್ಕೆ ಕಾರಣ, ನನ್ನ ಅಭಿಪ್ರಾಯದಲ್ಲಿ, ಎರಡು ನಕ್ಷೆಗಳು ಒಂದನ್ನೊಂದು ನೋಡದಿರುವುದು. ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕುವಾಗ ಅವರ ಮುಂದಿರುವುದು ಬರಿಯ ಕಂಬ ಮತ್ತು ಬೀಮು. ಗೋಡೆಯನ್ನು ಅವರು ಭಾರವೆಂದು ಮಾತ್ರ ಸೇರಿಸುತ್ತಾರೆ. ಕಿಟಕಿ ಎಷ್ಟು ಎತ್ತರಕ್ಕೆ ಎಂಬುದು ಆರ್ಕಿಟೆಕ್ಟರ ನಕ್ಷೆಯಲ್ಲಿದೆ. ಗೋಡೆ ಕಟ್ಟುವುದು ಮೇಸ್ತ್ರಿ, ಅದೂ ಸೆಂಟ್ರಿಂಗ್ ಬಿಚ್ಚಿದ ಮೇಲೆ. ಆತ ಕಂಬಕ್ಕೂ ಗೋಡೆಗೂ ನಡುವೆ ಒಂದು ಕೂದಲೆಳೆ ಸಂದಿರದಂತೆ ಗಾರೆ ತುಂಬುತ್ತಾನೆ, ಏಕೆಂದರೆ ಅದೇ ಒಳ್ಳೆಯ ಕೆಲಸ ಎಂದು ಎಲ್ಲರೂ ಹೇಳಿಕೊಟ್ಟಿದ್ದಾರೆ. ಗೋಡೆ ಎಷ್ಟು ಚೆನ್ನಾಗಿದ್ದರೆ ಕಂಬಕ್ಕೆ ಅಷ್ಟು ಕೇಡು. ಸಡಿಲ ಗಾರೆಯ ಕಳಪೆ ಗೋಡೆಯಾದರೆ ತಾನೇ ಮೊದಲು ಒಡೆದು ಕಂಬವನ್ನು ಬಿಟ್ಟುಕೊಡಬಹುದು.

ಪೆರುವಿನ ಶಾಲೆಗಳಲ್ಲಿ ಈ ಅಪಾಯ ತಿಳಿಯದೇ ಇರಲಿಲ್ಲ. ಅಲ್ಲಿನ ಕೆಲವು ಶಾಲೆಗಳಲ್ಲಿ ಕಿಟಕಿ ಗೋಡೆಗೂ ಕಂಬಕ್ಕೂ ನಡುವೆ ಸಣ್ಣ ಸಂದು ಬಿಟ್ಟು ಥರ್ಮೋಕೋಲ್ ತುಂಬಿದ್ದರು. ಆದರೂ ಕಂಬಗಳು ಸೀಳಿದವು. ಉದ್ದದ ದಿಕ್ಕಿನಲ್ಲಿ ಕಂಬಗಳು ತೆಳ್ಳಗಿದ್ದವು, ಕಟ್ಟಡ ಲೆಕ್ಕದಲ್ಲಿದ್ದದ್ದಕ್ಕಿಂತ ಬಹಳ ಹೆಚ್ಚು ಓಲಾಡಿತು, ಸಂದು ಮುಚ್ಚಿಹೋಗಿ ಕಂಬ ಗೋಡೆಗೆ ಬಡಿಯಿತು. ಬಡಿದ ಕ್ಷಣದಿಂದ ಅದು ಗಿಡ್ಡ ಕಂಬವೇ. ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದು: ಸಂದು ಬಿಡುವುದು ಸಾಲದು, ಕಟ್ಟಡ ನಿಜವಾಗಿ ಎಷ್ಟು ಓಲಾಡುತ್ತದೆಯೋ ಅದಕ್ಕಿಂತ ಸಂದು ದೊಡ್ಡದಿರಬೇಕು.

1997ರಲ್ಲಿ ಪೆರು ತನ್ನ ಭೂಕಂಪ ಸಂಹಿತೆಯನ್ನು ಬದಲಿಸಿತು. ಓಲಾಟವನ್ನು ನಿಜಕ್ಕೆ ಹತ್ತಿರವಾಗಿ ಲೆಕ್ಕ ಹಾಕಬೇಕು, ಕಾಂಕ್ರೀಟ್ ಕಟ್ಟಡದಲ್ಲಿ ಅದು ಅಂತಸ್ತಿನ ಎತ್ತರದ ಸಾವಿರಕ್ಕೆ ಏಳು ಭಾಗವನ್ನು ಮೀರಬಾರದು ಎಂದಿತು. ಮೂರು ಮೀಟರ್ ಎತ್ತರಕ್ಕೆ 21 ಮಿ.ಮೀ. ಅರ್ಧ ಗೋಡೆಯ ತಲೆಯ ಮಟ್ಟದಲ್ಲಿ ಸುಮಾರು ಅದರ ಅರ್ಧ. ಈ ಮಿತಿಗೆ ಒಳಪಡಿಸಲು ಶಾಲೆಗಳ ಕಂಬಗಳನ್ನು ಕಟ್ಟಡದ ಉದ್ದದ ದಿಕ್ಕಿಗೆ ಬಹಳ ಅಗಲ ಮಾಡಿದರು. ಕಂಬಗಳು ಇಂಗ್ಲಿಷಿನ ಟಿ ಮತ್ತು ಎಲ್ ಅಕ್ಷರದ ಆಕಾರಕ್ಕೆ ಬಂದವು. ನಕ್ಷೆ ಹೆಚ್ಚುಕಡಿಮೆ ಅದೇ, ಕಿಟಕಿಯೂ ಅದೇ. ಆಮೇಲೆ ಪರೀಕ್ಷೆಯೂ ಬಂತು. 2001ರ ಜೂನ್ 23ರಂದು ದಕ್ಷಿಣ ಪೆರುವಿನಲ್ಲಿ 8.4 ಪ್ರಮಾಣದ ಭೂಕಂಪ, 2007ರ ಆಗಸ್ಟ್ 15ರಂದು ಪಿಸ್ಕೋ ಬಳಿ 8.0 ಪ್ರಮಾಣದ್ದು. ಹಳೆಯ ಮಾದರಿಯ ಶಾಲೆಗಳಲ್ಲಿ ಮತ್ತೆ ಗಿಡ್ಡ ಕಂಬಗಳು ಸೀಳಿದವು. ಹೊಸ ಮಾದರಿಯವು ಹಾನಿಯಿಲ್ಲದೆ ನಿಂತವು. ಕಟ್ಟಡ ಶಾಸ್ತ್ರದಲ್ಲಿ ಇಷ್ಟು ನೇರವಾದ ಹೋಲಿಕೆ ಸಿಗುವುದು ಅಪರೂಪ.

ಜಪಾನಿನವರು ಇದೇ ಪೆಟ್ಟನ್ನು ಅದಕ್ಕೂ ಮೊದಲೇ ತಿಂದಿದ್ದರು. 1968ರ ಮೇ 16ರ ತೊಕಾಚಿ-ಓಕಿ ಭೂಕಂಪದಲ್ಲಿ ಹಾಕೊಡಾಟೆಯಲ್ಲಿ, ಮಿಸಾವಾದಲ್ಲಿ ಕಾಂಕ್ರೀಟಿನ ವಿದ್ಯಾಲಯ ಕಟ್ಟಡಗಳ ಕಂಬಗಳು ಷಿಯರ್‌ನಲ್ಲಿ ಸೀಳಿದವು. ಅದಾದ ಮೇಲೆ 1971ರಿಂದ ಕಂಬದ ತುದಿಗಳ ಬಳಿ ರಿಂಗುಗಳ ಅಂತರ 10 ಸೆಂಟಿಮೀಟರ್ ಮೀರಬಾರದು ಎಂಬ ನಿಯಮ ಬಂತು. ಕಂಬಕ್ಕೂ ಅದರ ಪಕ್ಕದ ಗೋಡೆಗೂ ನಡುವೆ ಉದ್ದೇಶಪೂರ್ವಕವಾಗಿ ಸೀಳು ಬಿಡುವ ಪದ್ಧತಿ ಈಗ ಅಲ್ಲಿ ಸಾಮಾನ್ಯ.

ನಮ್ಮ ದೇಶದ ಸಂಹಿತೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಐಎಸ್ 13920 ಹೇಳುವುದೇನೆಂದರೆ, ಗೋಡೆ ಕಂಬದ ಎತ್ತರದ ಒಂದು ಭಾಗಕ್ಕೆ ಮಾತ್ರ ಇದ್ದರೆ, ತುದಿಗಳಲ್ಲಿ ಹಾಕುವ ಒತ್ತೊತ್ತಾದ ರಿಂಗುಗಳನ್ನು ಆ ಕಂಬದ ಪೂರ್ತಿ ಎತ್ತರಕ್ಕೂ ಹಾಕಬೇಕು. ಅದರ 2016ರ ಆವೃತ್ತಿಯ ಪ್ರಕಾರ ಅಂತರ 100 ಮಿ.ಮೀ. ದಾಟಬಾರದು, ಕಂಬದ ಕಿರಿಯ ಅಗಲದ ಕಾಲು ಭಾಗವನ್ನೂ ದಾಟಬಾರದು. ನಮ್ಮ ಲೆಕ್ಕದ 300 ಮಿ.ಮೀ. ಕಂಬಕ್ಕೆ ಅದು 75 ಮಿ.ಮೀ. ಆಗುತ್ತದೆ. 8 ಮಿ.ಮೀ. ರಿಂಗನ್ನು ಆ ಅಂತರದಲ್ಲಿ ಕಟ್ಟಿದರೆ ರಿಂಗುಗಳೊಂದೇ ಸುಮಾರು 12 ಟನ್ ತಾಳುತ್ತವೆ; ಕಾಂಕ್ರೀಟಿನ ಪಾಲು ಬೇರೆ. ಅಂದರೆ ಒಂದೂವರೆ ಮೀಟರಿನ ಗಿಡ್ಡ ಕಂಬ ಸೀಳುವ ಮೊದಲು ಬಾಗುವ ಅವಕಾಶ ಮರಳಿ ಬರುತ್ತದೆ. ಇದಕ್ಕೂ ಮಿತಿಯಿದೆ. ಗೋಡೆ ಇನ್ನೂ ಏರಿ ಮೇಲೆ ಒಂದೇ ಮೀಟರಿನ ವೆಂಟಿಲೇಟರ್ ಉಳಿದರೆ ಬೇಕಾಗುವುದು 18 ಟನ್. ಉಕ್ಕು ಕಾಗದದ ಮೇಲಿನದಕ್ಕಿಂತ ಬಲವಾಗಿಯೇ ಬರುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಅಲ್ಲಿ ರಿಂಗುಗಳನ್ನೇ ನಂಬಿ ಕೂರುವಂತಿಲ್ಲ. ಕಂಬವನ್ನು ಗೋಡೆಯಿಂದ ಬಿಡಿಸಬೇಕು, ಇಲ್ಲವೇ ಬಲ ಹೊರಲು ಬೇರೆ ಕಾಂಕ್ರೀಟ್ ಗೋಡೆ ಕೊಡಬೇಕು. ಬಿಡಿಸಿದ ಅರ್ಧ ಗೋಡೆ ತಾನೇ ಮಗುಚಿ ಬೀಳದಂತೆ ಅದಕ್ಕೆ ಎರಡು ತುದಿಯಲ್ಲಿ ಪುಟ್ಟ ಕಂಬ, ತಲೆಯ ಮೇಲೆ ತೆಳುವಾದ ಕಾಂಕ್ರೀಟ್ ಪಟ್ಟಿ ಬೇಕು. ಸಂದಿಗೆ ಮೆತ್ತನೆಯ ವಸ್ತು ತುಂಬಿ ಮೇಲೆ ಪಟ್ಟಿ ಹಚ್ಚಬೇಕು. ಗಿಲಾವು ಮಾಡುವವರು ಚಂದ ಕಾಣಲೆಂದು ಅದನ್ನು ಸಿಮೆಂಟಿನಿಂದ ಮುಚ್ಚಿದರೆ ಅಷ್ಟೂ ಶ್ರಮ ವ್ಯರ್ಥ.

ಕರ್ನಾಟಕದಲ್ಲಿ ಇದು ಬೇಕೇ ಎಂದು ಕೇಳುವವರಿಗೆ: ಐಎಸ್ 1893ರ 2016ರ ಆವೃತ್ತಿಯ ಪಟ್ಟಿಯಲ್ಲಿ ಮಂಗಳೂರು, ಕಾರವಾರ, ಧಾರವಾಡ, ಬೆಳಗಾವಿ, ವಿಜಯಪುರ ಮೂರನೆಯ ವಲಯದಲ್ಲಿವೆ. ಮೂರನೆಯ ವಲಯದಿಂದ ಮೇಲಕ್ಕೆ ಐಎಸ್ 13920 ಅನ್ವಯಿಸುತ್ತದೆ. 1967ರ ಕೊಯ್ನಾ, 1993ರ ಕಿಲ್ಲಾರಿ ಭೂಕಂಪಗಳು ನಮ್ಮ ಗಡಿಯಿಂದ ದೂರದವಲ್ಲ. ಮಲೆನಾಡು, ಕೊಡಗಿನ ಇಳಿಜಾರಿನಲ್ಲಿ ಕಟ್ಟುವವರಿಗೆ ಇನ್ನೊಂದು ಮಾತು: ಗುಡ್ಡದ ಕಡೆಯ ಕಂಬ ಗಿಡ್ಡ, ಕಣಿವೆಯ ಕಡೆಯದು ಉದ್ದ. ಅಲ್ಲಿ ಗೋಡೆಯೇ ಇಲ್ಲದೆ ಅದೇ ಅನ್ಯಾಯದ ಹಂಚಿಕೆ ಆಗುತ್ತದೆ.

ಇರುವ ಕಟ್ಟಡವನ್ನು ನೀವೇ ನೋಡಬಹುದು. ಗೋಡೆಗೂ ಕಂಬಕ್ಕೂ ಕೂಡುವಲ್ಲಿ ನೇರ ಲಂಬವಾಗಿ ಓಡುವ ಸಣ್ಣ ಬಿರುಕು ಸಾಮಾನ್ಯವಾಗಿ ಗಾರೆ ಒಣಗಿ ಬಂದದ್ದು. ಕಂಬದ ಮೇಲೆಯೇ ಉದ್ದಕ್ಕೆ, ತುಕ್ಕಿನ ಕಲೆಯೊಡನೆ ಬಂದ ಬಿರುಕು ಒಳಗಿನ ಕಂಬಿ ತುಕ್ಕು ಹಿಡಿದದ್ದರ ಗುರುತು. ಅದಕ್ಕೆ ಬೇರೆ ಚಿಕಿತ್ಸೆ ಇದೆ. ಕಿಟಕಿಯ ಎತ್ತರದಷ್ಟರಲ್ಲೇ, ಕಂಬದ ಮೈಮೇಲೆ ಓರೆಯಾಗಿ ಹೋದ ಗೆರೆ ಕಂಡರೆ, ಅದು ಕೂದಲಿನಷ್ಟು ಸಣ್ಣದಿದ್ದರೂ, ಆ ಕೋಣೆಯನ್ನು ಖಾಲಿ ಮಾಡಿಸಿ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಬಿರುಕಿಲ್ಲದ ಹಳೆಯ ಕಟ್ಟಡಕ್ಕೂ ಅವರು ದಾರಿ ತೋರಿಸಬಲ್ಲರು: ಸಂದು ಕೊರೆಯುವುದು, ಕಂಬಕ್ಕೆ ಕಾಂಕ್ರೀಟಿನ ಅಥವಾ ಉಕ್ಕಿನ ಕವಚ ತೊಡಿಸುವುದು, ಕೆಲವೊಮ್ಮೆ ಕಂಬದ ಪಕ್ಕದ ಕಿಟಕಿ ಭಾಗವನ್ನು ಬೀಮಿನವರೆಗೆ ಗೋಡೆ ಕಟ್ಟಿ ಮುಚ್ಚುವುದು.

ಹೊಸದಾಗಿ ಮನೆಯನ್ನೋ ಶಾಲೆಯನ್ನೋ ಕಟ್ಟಿಸುತ್ತಿದ್ದರೆ, ಕಂಬಕ್ಕೆ ಕಾಂಕ್ರೀಟ್ ಸುರಿಯುವ ಹಿಂದಿನ ದಿನ ಅಳತೆಪಟ್ಟಿ ಹಿಡಿದು ಹೋಗಿ. ಉದ್ದನೆಯ ಕಿಟಕಿ ಬರುವ ಜಾಗದ ಕಂಬಗಳಲ್ಲಿ ರಿಂಗುಗಳ ಅಂತರ ನೆಲದಿಂದ ಬೀಮಿನವರೆಗೂ ನಕ್ಷೆಯಲ್ಲಿದ್ದಷ್ಟೇ ಇದೆಯೇ, ರಿಂಗಿನ ಕೊಕ್ಕೆಗಳು 135 ಡಿಗ್ರಿ ಮಡಿದು ಕಂಬದ ಒಡಲಿನೊಳಕ್ಕೆ ತಿರುಗಿವೆಯೇ ನೋಡಿ. ಇಲ್ಲದಿದ್ದರೆ ಬಿಚ್ಚಿ ಮತ್ತೆ ಕಟ್ಟಿಸಿ, ಆಮೇಲೆ ಕಾಂಕ್ರೀಟ್ ಹಾಕಿಸಿ.